ಬಿಳಿ ಬಟ್ಟೆ ಕಲೆಯಾದರೆ

ನನಗೆ ಸಂಬಳ ಬರುವುದು ಜನರ ಜೊತೆ ಮಾತಾಡಿದ್ದಕ್ಕೆ. ಗುಂಡ್ಲುಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ನಾನು ಆಪ್ತಸಮಾಲೋಚಕಿ. ಬಾಗಿಲ ಮೇಲೆ ಹಾಗೆಂದು ಬರೆದಿದೆ. ಜನ ಮಾತ್ರ ‘ಬುದ್ಧಿ ಹೇಳೋ ಮೇಡಮ್ಮು’ ಎನ್ನುತ್ತಾರೆ. ಡಾಕ್ಟರು ನೋಡಿ ಕಳಿಸಿದ ಮೇಲೆ ಅವರು ನನ್ನೆದುರು ಕೂರುತ್ತಾರೆ, ನಾನು ಬುದ್ಧಿ ಹೇಳುತ್ತೇನೆ, ಅವರು ‘ಆಯ್ತು ಬುಡಿ ಮೇಡಂ’ ಎಂದು ಎದ್ದು ಹೋಗುತ್ತಾರೆ. ಮುಂದಿನ ತಿಂಗಳು ಸಕ್ಕರೆಯನ್ನು ಇನ್ನಷ್ಟು ಏರಿಸಿಕೊಂಡು ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ.

ಮೊದಲ ಕೆಲವು ವರ್ಷ ನನಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿ ಹೋಗುತ್ತಾರಲ್ಲ ಎಂದುಕೊಳ್ಳುತ್ತಿದ್ದೆ. ಆಮೇಲೆ ಗಮನಿಸಿದೆ, ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಕೂತಷ್ಟು ಹೊತ್ತು ಪ್ರತಿಯೊಬ್ಬರೂ ನಾಳೆಯಿಂದ ನಡೆಯುವವರೇ, ಮಾತ್ರೆ ನುಂಗುವವರೇ, ಅನ್ನ ಕಡಿಮೆ ಮಾಡುವವರೇ. ಬಸ್‌ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬೋಂಡಾದ ಅಂಗಡಿ ಸಿಗುತ್ತದೆ, ಅಷ್ಟೇ.

ಇದಕ್ಕೆ ಮದ್ದು ಉಂಟು ಎಂದು ನನಗೆ ಗೊತ್ತಾದದ್ದು ಮೈಸೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ. ಊಟ ಕೊಟ್ಟರು, ಹೆಗಲಿಗೆ ಹಾಕುವ ಒಂದು ಚೀಲ ಕೊಟ್ಟರು, ಜೊತೆಗೆ ಒಂದೇ ಒಂದು ವಾಕ್ಯ ಹೇಳಿಕೊಟ್ಟರು. ‘ಇಂಥದ್ದು ಎದುರಾದರೆ, ಆಗ ನಾನು ಇಂಥದ್ದು ಮಾಡುತ್ತೇನೆ.’ ಈ ಒಂದು ವಾಕ್ಯಕ್ಕೆ ಇಷ್ಟು ದೂರ ಕರೆಸಬೇಕಿತ್ತೇ ಎಂದು ಪಕ್ಕದಲ್ಲಿದ್ದ ನರ್ಸಮ್ಮನನ್ನು ಕೇಳಿದೆ. ಚೀಲ ಚೆನ್ನಾಗಿದೆಯಲ್ಲ ಎಂದರು.

ಆದರೆ ಊರಿಗೆ ಬಂದು ಆ ವಾಕ್ಯವನ್ನು ಬಳಸಿದಾಗ ಅದರ ಕಸುವು ತಿಳಿಯಿತು. ‘ದಿನಾ ಮಾತ್ರೆ ತಗೋತೀನಿ’ ಎನ್ನುವುದು ಆಸೆ. ‘ಬೆಳಿಗ್ಗೆ ಹಾಲಿನ ಡೈರಿಯಿಂದ ಬಂದು ಖಾಲಿ ಕ್ಯಾನು ಕೆಳಗಿಟ್ಟರೆ, ಆಗ ಕಿಟಕಿಯಲ್ಲಿರುವ ಮಾತ್ರೆ ನುಂಗ್ತೀನಿ’ ಎನ್ನುವುದು ಏರ್ಪಾಡು. ಆಸೆ ಇರುವವನು ಪ್ರತಿ ದಿನ ಹೊಸದಾಗಿ ತೀರ್ಮಾನ ಮಾಡಬೇಕು. ಈಗಲೋ ಆಮೇಲೋ, ತಿಂಡಿಗೆ ಮುಂಚೆಯೋ ಆದ ಮೇಲೋ, ಇವತ್ತೊಂದು ದಿನ ಬಿಟ್ಟರೆ ಏನಾಯಿತು ಎಂದೆಲ್ಲ ಲೆಕ್ಕ ಹಾಕುತ್ತಾ ಕೂತರೆ ಮನಸ್ಸು ಯಾವಾಗಲೂ ಸುಲಭದ ಕಡೆಗೇ ವಾಲುತ್ತದೆ. ಏರ್ಪಾಡು ಇರುವವನು ಆ ತೀರ್ಮಾನವನ್ನು ತಣ್ಣಗಿರುವಾಗ ಒಂದು ಸಲ ಮಾಡಿ ಮುಗಿಸಿರುತ್ತಾನೆ. ಆಮೇಲೆ ಕ್ಯಾನು ನೆಲ ಮುಟ್ಟಿದ ಸದ್ದೇ ಅವನನ್ನು ಕಿಟಕಿಗೆ ಕರೆದುಕೊಂಡು ಹೋಗುತ್ತದೆ.

ಎಲ್ಲರಿಗೂ ಇದು ಹಿಡಿಯುತ್ತದೆ ಎಂದಲ್ಲ. ಬೇಕು ಎಂಬ ಮನಸ್ಸೇ ಇಲ್ಲದವನಿಗೆ ಎಷ್ಟು ಚಂದದ ವಾಕ್ಯ ಕಟ್ಟಿಕೊಟ್ಟರೂ ಅದು ಬರಿ ವಾಕ್ಯ. ಕಟ್ಟುವುದರಲ್ಲಿಯೂ ಎಡವಟ್ಟಾಗುತ್ತದೆ. ಚೆಂಡು ಹೂ ಬೆಳೆಯುವ ಒಬ್ಬರು ‘ಟೀ ಅಂಗಡಿ ಕಂಡ್ರೆ ಬೀಡಿ ಸೇದಲ್ಲ’ ಎಂದು ತಾವೇ ಕಟ್ಟಿಕೊಂಡು ಹೋದರು. ಅಲ್ಲಿಯವರೆಗೆ ಟೀ ಅಂಗಡಿಯಲ್ಲಿ ಅವರಿಗೆ ಟೀ ನೆನಪಾಗುತ್ತಿತ್ತು, ಆಮೇಲೆ ಬೀಡಿಯೊಂದೇ ನೆನಪಾಗತೊಡಗಿತು. ಮಾಡಬಾರದ್ದನ್ನು ಹೇಳಿಕೊಂಡರೆ ಹೀಗೇ. ‘ಟೀ ಅಂಗಡಿ ಬೆಂಚಿನ ಮೇಲೆ ಕೂತ್ರೆ, ಜೇಬಲ್ಲಿರೋ ಹುರಿಗಡಲೆ ಬಾಯಿಗೆ ಹಾಕ್ಕತೀನಿ’ ಎಂದು ಬದಲಿಸಿದ ಮೇಲೆ ಬೀಡಿ ಕಡಿಮೆಯಾಯಿತು. ಹಲ್ಲು ನೋವು ಶುರುವಾಯಿತು ಎಂದು ದೂರಿದರು, ಅದು ನನ್ನ ವಿಭಾಗವಲ್ಲ.

ಈಗ ನಮ್ಮಣ್ಣನ ವಿಚಾರಕ್ಕೆ ಬರುತ್ತೇನೆ. ನಾನು ಇರುವುದು ಚಾಮರಾಜನಗರದಲ್ಲಿ, ಅಲ್ಲಿಂದ ದಿನಾ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ ಬರುತ್ತೇನೆ. ತವರು ಉಡಿಗಾಲ. ಅಲ್ಲಿ ಅಣ್ಣ, ಅತ್ತಿಗೆ ಮತ್ತು ನಮ್ಮವ್ವ ಇದ್ದಾರೆ. ಅಣ್ಣ ಅರಿಶಿನ ಬೆಳೆಯುತ್ತಾನೆ. ಅವನ ಸಕ್ಕರೆ ಕಾಯಿಲೆಗೆ ಎಷ್ಟು ವಯಸ್ಸಾಯಿತೆಂದರೆ ಪಾದದ ನರಗಳು ಕೆಲಸ ಬಿಟ್ಟಿವೆ. ಅಂಗಾಲಿಗೆ ಏನು ಚುಚ್ಚಿದರೂ, ಸುಟ್ಟರೂ ಅವನಿಗೆ ತಿಳಿಯುವುದಿಲ್ಲ. ಎರಡು ವರ್ಷದ ಹಿಂದೆ ಬಲಗಾಲಿನ ಬೆರಳೊಂದರಲ್ಲಿ ಗುಳ್ಳೆಯೆದ್ದಿತ್ತು. ಯಾರು ಕೇಳಿದರೂ ‘ಓಯ್ತೀನಿ ಬುಡು ಆಸ್ಪತ್ರೆಗೆ’ ಎನ್ನುತ್ತಿದ್ದ. ಹಾಗೆನ್ನುತ್ತಲೇ ವಾರಗಳು ಕಳೆದವು. ಕೊನೆಗೆ ಹೋದಾಗ ಬೆರಳು ಕಪ್ಪಾಗಿತ್ತು, ತೆಗೆದರು. ಇನ್ನೊಂದು ಸಲ ಹೀಗೆ ತಡ ಮಾಡಿಕೊಂಡು ಬಂದರೆ ತೆಗೆಯುವುದು ಬೆರಳಲ್ಲ, ಪಾದ ಎಂದು ಡಾಕ್ಟರು ಅವನಿಗೂ ನನಗೂ ಒಟ್ಟಿಗೇ ಹೇಳಿದರು.

ಪಾದ ಹೋದರೆ ಅಣ್ಣ ಏನಾಗುತ್ತಾನೆ ಎಂದು ನನಗೆ ಗೊತ್ತಿತ್ತು. ಹೊಲದ ಬದುವಿನ ಮೇಲೆ ಒಂದು ಸುತ್ತು ಹಾಕದಿದ್ದರೆ ಅವನಿಗೆ ರೊಟ್ಟಿ ಇಳಿಯುವುದಿಲ್ಲ. ಅವನನ್ನು ಜಗುಲಿ ಮೇಲೆ ಕೂರಿಸಿದ ಚಿತ್ರ ಆಗಾಗ ನನ್ನ ಕಣ್ಣ ಮುಂದೆ ಬರುತ್ತಿತ್ತು. ಅವನಿಗೂ ಭಯವಿತ್ತು. ದಿನಾ ಅಂಗಾಲು ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡ. ನೋಡಿಕೊಳ್ಳುತ್ತಿರಲಿಲ್ಲ.

ಒಂದು ಭಾನುವಾರ ಊರಿಗೆ ಹೋಗಿ ಅವನನ್ನು ನನ್ನ ಕುರ್ಚಿಗೆ ಬಂದವನಂತೆಯೇ ಕೂರಿಸಿಕೊಂಡೆ. ಯಾವಾಗ ನೋಡಿಕೊಳ್ಳುತ್ತೀಯ ಎಂದರೆ ರಾತ್ರಿ ಊಟವಾದ ಮೇಲೆ ಎಂದ. ಊಟವಾದ ಮೇಲೆ ಎನ್ನುವುದು ಯಾವ ಹೊತ್ತು? ಒಂದು ದಿನ ಉಂಡವನೇ ಮಲಗುತ್ತಾನೆ, ಒಂದು ದಿನ ಪಕ್ಕದ ಮನೆ ಜಗುಲಿಗೆ ಹೋಗುತ್ತಾನೆ, ಒಂದು ದಿನ ನೀರು ಹಾಯಿಸಲು ತೋಟಕ್ಕೆ. ಅಂಥ ಸಡಿಲ ಗೂಟಕ್ಕೆ ದನ ಕಟ್ಟುವುದಿಲ್ಲ, ಕಾಲನ್ನು ಕಟ್ಟುವುದು ಹೇಗೆ? ದಿನಾ ತಪ್ಪದೇ, ಒಂದೇ ಜಾಗದಲ್ಲಿ ನಡೆಯುವುದು ಏನಾದರೂ ಬೇಕಿತ್ತು.

ಅದು ನಮ್ಮ ಮನೆಯಲ್ಲಿ ಒಂದೇ. ಲಿಂಗಪೂಜೆ. ಅಣ್ಣ ಸ್ನಾನ ಮಾಡಿ, ಕೊರಳಲ್ಲಿರುವ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ನೀರೂ ಕುಡಿಯುವುದಿಲ್ಲ. ಅಪ್ಪ ತೀರಿಕೊಂಡ ದಿನವೂ ಪೂಜೆ ತಪ್ಪಿರಲಿಲ್ಲ, ನಮ್ಮಲ್ಲಿ ಸೂತಕ ಹಿಡಿಯುವುದಿಲ್ಲ. ಇದಕ್ಕಿಂತ ಗಟ್ಟಿ ಗೂಟ ತಾಲ್ಲೂಕಿನಲ್ಲೇ ಸಿಗದು ಎಂದು ಖುಷಿಯಾಗಿ, ಪೂಜೆ ಆದ ತಕ್ಷಣ ಅಂಗಾಲು ನೋಡಿಕೋ ಎಂದೆ. ಅತ್ತಿಗೆಯ ಮುಖ ಸಪ್ಪಗಾಯಿತು. ಲಿಂಗ ಹಿಡಿದ ಕೈಯಲ್ಲಿ ಆ ಗಳಿಗೆಯೇ ಅಂಗಾಲು ಹಿಡಿಯುವುದು ಎಂದರೆ ಹೇಗೆ ಎಂದರು. ಸರಿ, ಪೂಜೆಗೆ ಮುಂಚೆ ಎಂದಾಯಿತು. ಅಣ್ಣ ಬಚ್ಚಲಿನಿಂದ ಬಂದು ಗೋಡೆ ಪಕ್ಕದ ಮಣೆ ಮೇಲೆ ಕೂತು ಮೈ ಒರೆಸಿಕೊಳ್ಳುತ್ತಾನೆ, ಆಮೇಲೆ ವಿಭೂತಿ. ಆ ಮಣೆಯೇ ಜಾಗ. ‘ಸ್ನಾನ ಮಾಡಿ ಬಂದು ಮಣೆ ಮೇಲೆ ಕೂತ್ರೆ, ಆಗ ಅಂಗಾಲು ನೋಡ್ಕತೀನಿ.’ ಇದನ್ನು ಅವನ ಬಾಯಲ್ಲೇ ಹೇಳಿಸಿದೆ, ಕಣ್ಣು ಮುಚ್ಚಿ ಮಣೆಯನ್ನೂ ಕಾಲನ್ನೂ ನೆನೆಸಿಕೋ ಎಂದೆ. ಅಣ್ಣ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ನೋಡಿ ನಿದ್ದೆ ಹೋದನೇನೋ ಎಂದು ಅತ್ತಿಗೆ ಅಲುಗಿಸಿದರು.

ಇದು ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಎಂದರೆ ಅಣ್ಣ ದಿನಾ ಕನ್ನಡಿ ಹಿಡಿದು ಅಂಗಾಲು ನೋಡುತ್ತಿದ್ದ, ನೋಡಿ ಸುಮ್ಮನಿರುತ್ತಿದ್ದ. ಒಂದು ಸಲ ಹಿಮ್ಮಡಿಯ ಬಿರುಕಿನಲ್ಲಿ ರಕ್ತ ಕಂಡಿತಂತೆ. ಇದು ಗಾಯವಲ್ಲ, ಬಿರುಕು ಎಂದು ಅವನೇ ತೀರ್ಪು ಕೊಟ್ಟು, ಮನೆಯಲ್ಲೇ ಇದ್ದ ಅರಿಶಿನ ಮೆತ್ತಿದ. ಅದೃಷ್ಟಕ್ಕೆ ಅದು ತಾನೇ ಮಾಯಿತು. ನನಗೆ ತಿಳಿದದ್ದು ಎರಡು ವಾರವಾದ ಮೇಲೆ, ಅದೂ ಅತ್ತಿಗೆ ಬಾಯಿ ತಪ್ಪಿ ಹೇಳಿದ್ದರಿಂದ. ಸಿಟ್ಟು ನೆತ್ತಿಗೇರಿತು, ಆದರೆ ಅಣ್ಣ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ‘ನೀನು ನೋಡ್ಕ ಅಂದೆ, ನಾನು ನೋಡ್ಕಂಡೆ’ ಎಂದ. ನಾವು ಕಟ್ಟಿದ್ದು ಅಷ್ಟೇ ಆಗಿತ್ತು. ನೋಡಿದ ಮೇಲೆ ಏನು ಮಾಡಬೇಕೆಂಬ ಜಾಗ ಖಾಲಿ ಇತ್ತು, ಅಲ್ಲಿಗೆ ಅವನ ಹಳೆಯ ‘ಓಯ್ತೀನಿ ಬುಡು’ ಬಂದು ಕೂತಿತ್ತು.

ಹಾಗಾಗಿ ಮತ್ತೊಂದು ವಾಕ್ಯ ಬೇಕಾಯಿತು. ಮತ್ತೆ ಭಾನುವಾರ, ಮತ್ತೆ ಎಲ್ಲರೂ ನಡುಮನೆಯಲ್ಲಿ. ‘ಅಂಗಾಲಲ್ಲಿ ಗಾಯ ಆದ್ರೆ’ ಎಂದು ನಾನು ಶುರು ಮಾಡಿದೆ.

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. ‘ಬುಡ್ತು ಅನ್ನು’ ಎಂದಳು.

ಅಪಶಕುನದ ಮಾತು ಬಾಯಿಂದ ಬಂದರೆ, ಬಂದದ್ದು ಬಿಟ್ಟುಹೋಯಿತು ಎಂದು ಆಡಿದವರೇ ಹೇಳಿ ಅಳಿಸಬೇಕು. ಬಿಡ್ತು ಎಂದೆ. ಹೇಳಿ, ಮತ್ತೆ ಅಲ್ಲಿಂದಲೇ ಶುರು ಮಾಡಿದೆ. ಅವ್ವ ಮತ್ತೆ ಬಿಡ್ತು ಅನ್ನಿಸಿದಳು. ಇದು ನನಗೆ ಹೊಸದಲ್ಲ. ಆಸ್ಪತ್ರೆಯಲ್ಲೂ ಎದೆ ನೋವು ಬಂದರೆ ಏನು ಮಾಡುತ್ತೀರಿ, ಮಾತ್ರೆ ಮುಗಿದುಹೋದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಅರ್ಧಕ್ಕರ್ಧ ಜನ ‘ಬುಡ್ತು ಅನ್ನಿ ಮೇಡಂ’ ಎನ್ನುತ್ತಾರೆ. ಬರಬಾರದ್ದನ್ನು ಮೊದಲೇ ನೆನೆದು ಕೈಕಾಲಿಗೆ ದಾರಿ ಹೇಳಿಡುವುದು ನನ್ನ ಕಸುಬು. ಬರಬಾರದ್ದನ್ನು ನೆನೆಯದಿರುವುದು ಇವರ ಬಾಳುವೆ. ಸರ್ಕಾರ ನನ್ನನ್ನು ಸರಿಯಾದ ಜಾಗಕ್ಕೇ ಹಾಕಿದೆ.

ಅವ್ವನ ಜೊತೆ ವಾದ ಮಾಡಿ ನಮ್ಮ ಮನೆಯಲ್ಲಿ ಗೆದ್ದವರಿಲ್ಲ. ಮಗನ ಕಾಲಿಗೆ ಗಾಯ ಆಗುತ್ತದೆ ಎಂದು ಅವನ ಬಾಯಲ್ಲೇ ಹೇಳಿಸುತ್ತೀಯಲ್ಲ, ನೀನು ಅವನ ಒಡಹುಟ್ಟಿದವಳೇನೇ ಎಂದು ಕೇಳಿದಳು. ನಾನು ಕಾಫಿ ಕುಡಿಯುತ್ತಾ ಬೇರೆ ದಾರಿ ಹುಡುಕಿದೆ. ಗಾಯ ಎಂಬ ಮಾತೇ ಬೇಡ, ಕಣ್ಣಿಗೆ ಕಾಣುವುದನ್ನು ಮಾತ್ರ ಹೇಳೋಣ ಎಂದೆ. ಮಣೆ ಪಕ್ಕದ ಮೊಳೆಗೆ ಹಳೇ ಬಿಳಿ ಪಂಚೆಯ ತುಂಡುಗಳು. ಕೂತು ಅಂಗಾಲು ನೋಡಿಕೊಳ್ಳುವುದರ ಜೊತೆಗೆ, ಬೆರಳ ಸಂದಿಯೂ ಬಿಡದ ಹಾಗೆ ಮೆತ್ತಗೆ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿಯುವುದು. ‘ಬಿಳಿ ಬಟ್ಟೆ ಕಲೆಯಾದ್ರೆ, ಆಗ ಆಟೋದವನಿಗೆ ಫೋನ್ ಮಾಡಿ ಚಾಮರಾಜನಗರದ ಆಸ್ಪತ್ರೆಗೆ ಓಯ್ತೀನಿ.’ ಅವ್ವ ಇದನ್ನು ಮನಸ್ಸಿನಲ್ಲೇ ತಿರುವಿ ನೋಡಿದಳು. ಬಟ್ಟೆ ಕಲೆಯಾಗುವುದು ಲೋಕದಲ್ಲಿ ನಡೆಯುವಂಥದ್ದೇ. ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಅವ್ವನ ಕಾಟದಿಂದ ನಾವು ಕಟ್ಟಿದ ಈ ವಾಕ್ಯ ನಾನು ಮೊದಲು ಹೇಳಹೊರಟದ್ದಕ್ಕಿಂತ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ವಾಪಸ್ಸು ಬರುವಾಗ ಹೊಳೆಯಿತು. ಗಾಯ ಎಂದಿದ್ದರೆ ಅಣ್ಣ ದಿನಾ ಇದು ಗಾಯವೋ ಗೀರೋ ಎಂದು ನ್ಯಾಯ ಮಾಡುತ್ತಾ ಕೂರುತ್ತಿದ್ದ. ಕಲೆಗೆ ನ್ಯಾಯ ಬೇಕಿಲ್ಲ. ಇದೆ, ಇಲ್ಲ, ಎರಡೇ. ಅವ್ವನಿಗೆ ಇದನ್ನು ಹೇಳಲಿಲ್ಲ, ಹೇಳಿದ್ದರೆ ನನ್ನ ಸಂಬಳದಲ್ಲಿ ಪಾಲು ಕೇಳುತ್ತಿದ್ದಳು.

ಅಡ್ಡ ಬರುವುದಕ್ಕೂ ಅವತ್ತೇ ಒಂದು ವಾಕ್ಯ ಜೋಡಿಸಿದ್ದೆವು. ಪೂಜೆ ಆಗದೆ ಹೊರಗೆ ಕಾಲಿಡುವುದು ಹೇಗೆ ಎಂದು ಅಣ್ಣನೇ ಕೇಳಿದ. ‘ಪೂಜೆ ಆಗಿಲ್ಲ ಅನ್ನಿಸಿದ್ರೆ, ವಿಭೂತಿ ಚೀಲ ಎತ್ಕಂಡು ಆಸ್ಪತ್ರೇಲೇ ಪೂಜೆ ಮಾಡ್ಕತೀನಿ’ ಎಂದು ಅವನೇ ಉತ್ತರವನ್ನೂ ಕೊಟ್ಟ. ಲಿಂಗ ಮೈಮೇಲೇ ಇರುತ್ತದೆ, ಅಂಗೈ ಜೊತೆಗೇ ಇರುತ್ತದೆ. ಆಮೇಲೆ ಒಂದು ಸಲ ಮಾಡಿ ನೋಡೋಣ ಎಂದು ಬಟ್ಟೆಗೆ ಕುಂಕುಮದ ನೀರು ಹಚ್ಚಿ ಕೊಟ್ಟೆ. ಅಣ್ಣ ಮಣೆ ಮೇಲೆ ಕೂತು, ಒರೆಸಿ, ಬೆಳಕಿಗೆ ಹಿಡಿದು, ಫೋನ್ ಮಾಡಿದ. ಇದು ಅಭ್ಯಾಸ ಎಂದು ಆಟೋದವನಿಗೆ ಯಾರೂ ಹೇಳಿರಲಿಲ್ಲ. ಅವನು ಊಟ ಬಿಟ್ಟು ಓಡಿಬಂದ. ಅವನನ್ನು ಕೂರಿಸಿ ಮುದ್ದೆ ಬಡಿಸಿದೆವು.

ನಿಜವಾದ ಕಲೆ ಕಾಣಿಸಿದ್ದು ಅರಿಶಿನ ಕೀಳುವ ಕಾಲದಲ್ಲಿ. ಬಟ್ಟೆ ಹಳದಿಯಾಯಿತು. ಅಣ್ಣ ಆಟೋ ಹತ್ತಿ ಹೋದ. ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರು ಕಾಲನ್ನು ತಿರುಗಿಸಿ ನೋಡಿ, ತೊಳೆಸಿ, ಮತ್ತೆ ನೋಡಿ, ಇದು ಅರಿಶಿನ ಎಂದರು. ಅರಿಶಿನದವನ ಹಿಮ್ಮಡಿಯ ಬಿರುಕಿನಲ್ಲಿ ಅರಿಶಿನ ಇರದೆ ಇನ್ನೇನಿರುತ್ತದೆ? ವಾಕ್ಯ ಕಟ್ಟುವಾಗ ಆ ನಡುಮನೆಯಲ್ಲಿ ಅರಿಶಿನ ತಿಂದು, ಮಾರಿ, ಮೈಗೆ ಹಚ್ಚಿಕೊಂಡು ಬೆಳೆದವರೇ ಎಲ್ಲರೂ ಇದ್ದೆವು, ಒಬ್ಬರಿಗೂ ಇದು ಹೊಳೆದಿರಲಿಲ್ಲ. ಊರಿನವರಿಗೆ ಒಂದು ತಿಂಗಳಿಗಾಗುವಷ್ಟು ಮಾತಾಯಿತು. ‘ಏನ್ಲಾ, ಅರಿಶಿನದ ರೇಟು ಆಸ್ಪತ್ರೇಲಿ ಎಷ್ಟು ನಡೀತದ?’ ಎಂದು ಅವನ ಜೊತೆಗಾರರು ಕೇಳುತ್ತಿದ್ದರು.

ಅತ್ತಿಗೆಗೆ ನಾಚಿಕೆಯಾಯಿತು. ಹಳದಿ ಕಲೆಯಾದರೆ ಅರಿಶಿನವೋ ಬೇರೆಯೋ ಎಂದು ನೋಡಿಕೊಂಡು ಹೋಗಲಿ ಎಂದು ನನಗೆ ಫೋನ್ ಮಾಡಿ ತಿದ್ದುಪಡಿ ಸೂಚಿಸಿದರು. ಕೇಳುವುದಕ್ಕೆ ನ್ಯಾಯವಾಗಿತ್ತು. ಆದರೆ ‘ನೋಡಿಕೊಂಡು’ ಎಂದು ಸೇರಿಸಿದ ಗಳಿಗೆಯೇ ತೀರ್ಮಾನ ಮತ್ತೆ ಅಣ್ಣನ ಕೈಗೆ ಹೋಗುತ್ತದೆ, ಅವನ ಕೈಗೆ ಹೋದರೆ ‘ಓಯ್ತೀನಿ ಬುಡು’ಗೆ ಹೋಗುತ್ತದೆ. ಅದಲ್ಲದೆ ಕೀವೂ ಹಳದಿಯೇ. ವಾಕ್ಯ ಹಾಗೇ ಇರಲಿ, ಒರೆಸುವ ಮುಂಚೆ ಬಚ್ಚಲಲ್ಲೇ ಸೋಪು ಹಾಕಿ ಬಿರುಕೆಲ್ಲ ತೊಳೆದುಕೊಳ್ಳಲಿ ಎಂದೆ. ಅಣ್ಣ ಒಪ್ಪಿದ. ಕಲೆಗಳು ಬಹಳ ಕಡಿಮೆಯಾದವು. ಊರಿನವರ ಮಾತು ಕಡಿಮೆಯಾಗಲಿಲ್ಲ.

ನಮ್ಮ ಕಡೆ ಅರಿಶಿನವನ್ನು ಕಿತ್ತ ಮೇಲೆ ಬೇಯಿಸಿ ಒಣಗಿಸುತ್ತಾರೆ. ಬೇಯಿಸುವ ಯಂತ್ರ ಬಾಡಿಗೆಯದು, ಊರಿಂದೂರಿಗೆ ಸರದಿಯ ಮೇಲೆ ಬರುತ್ತದೆ. ಸರದಿ ತಪ್ಪಿದರೆ ಮತ್ತೆ ಯಾವಾಗಲೋ, ರಾಶಿ ಹಾಕಿದ ಗೆಡ್ಡೆ ಅಷ್ಟರಲ್ಲಿ ಕೆಡುತ್ತದೆ. ಇನ್ನು ಆ ರಾಶಿ ಇರುವ ಕಣಕ್ಕೆ ಯಾರೂ ಚಪ್ಪಲಿ ಹಾಕಿ ಕಾಲಿಡುವುದಿಲ್ಲ. ಬೆಳೆ ಎಂದರೆ ಲಕ್ಷ್ಮಿ. ಬರಿಗಾಲಲ್ಲಿ ಓಡಾಡಬೇಡ ಎಂದು ನಾನು ಅಣ್ಣನಿಗೆ ನೂರಾರು ಸಲ ಹೇಳಿದ್ದೇನೆ, ಕಣದ ವಿಷಯಕ್ಕೆ ಬಂದಾಗ ಮಾತ್ರ ಅವನು ಕೇಳಿಸದವನಂತೆ ಇರುತ್ತಿದ್ದ. ಕಾಲುಚೀಲವಾದರೂ ಹಾಕಿಕೋ ಎಂದರೆ ಊರವರು ನಗುತ್ತಾರೆ ಎನ್ನುತ್ತಿದ್ದ, ಆಗಲೇ ನಗುತ್ತಿದ್ದವರು ಅವರೇ.

ಯಂತ್ರ ನಮ್ಮ ಕಣಕ್ಕೆ ಬರುವ ದಿನ ಬೆಳಿಗ್ಗೆ ನಾನು ಗುಂಡ್ಲುಪೇಟೆ ಬಸ್ಸಿನಲ್ಲಿದ್ದೆ. ತೆರಕಣಾಂಬಿ ಇನ್ನೂ ಬಂದಿರಲಿಲ್ಲ. ಅತ್ತಿಗೆಯ ಫೋನ್ ಬಂತು, ಹಿಂದೆ ಯಂತ್ರದ ಸದ್ದು ಕೇಳಿಸುತ್ತಿತ್ತು. ಬಟ್ಟೆ ಕಲೆಯಾಗಿದೆಯಂತೆ. ಒಂದು ಸಾಸಿವೆ ಕಾಳಿನಷ್ಟು, ಹಳದಿ. ಸೋಪು ಹಾಕಿ ತೊಳೆದಿದ್ದಾರೆ, ಆದರೂ ಇದು ಅರಿಶಿನವೇ, ನಿನ್ನೆಯೆಲ್ಲ ಕಣದಲ್ಲೇ ಇದ್ದರು ಎಂದರು. ಕಾಲು ಊದಿಲ್ಲ, ಜ್ವರ ಇಲ್ಲ. ಆಳುಗಳು ಬಂದು ನಿಂತಿದ್ದಾರೆ, ಬೆಂಕಿ ಹಾಕಿಯಾಗಿದೆ. ನೀವೇ ಒಂದು ಮಾತು ಹೇಳಿ ಎಂದರು.

ನಾನು ಯೋಚಿಸತೊಡಗಿದೆ. ಸಾಸಿವೆಯಷ್ಟು. ಹೋದ ಸಲವೂ ಅರಿಶಿನವೇ ಆಗಿತ್ತು. ಯಂತ್ರ ಮತ್ತೆ ಸಿಗುವುದಿಲ್ಲ. ಸಂಜೆ ಹೊತ್ತಿಗೆ ಬೇಯಿಸುವುದು ಮುಗಿಯುತ್ತದೆ, ಸಂಜೆ ಹೋದರೂ ಅದೇ ದಿನ ಹೋದಂತೆ ತಾನೇ. ವಾಸನೆ ಇದೆಯಾ ಎಂದು ಕೇಳಿದೆ. ಮೂಸಿ ನೋಡಿ ಅರಿಶಿನದ ವಾಸನೆ ಎಂದರು. ಇಡೀ ಮನೆ ಆ ವಾಸನೆ ಹೊಡೆಯುವ ದಿನ ಅದು. ಸಂಜೆ ಹೋಗಲಿ ಎನ್ನುವುದು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಅಣ್ಣನಿಗೆ ಫೋನ್ ಕೊಡಿ ಎಂದೆ.

‘ಅವ್ರೆಲ್ಲವ್ರೆ? ನಾನ್ ಬ್ಯಾಡ ಅಂದ್ರೂ ಬಟ್ಟೆ ನನ್ ಕೈಗ್ ಕೊಟ್ಬುಟ್ಟು ಆಟೋ ಅತ್ತಿ ಒಂಟೋದ್ರು, ನೀವಾರ ವಾಪಸ್ ಕರೀರಿ’ ಎಂದರು ಅತ್ತಿಗೆ.

ತೆರಕಣಾಂಬಿಯಲ್ಲಿ ಇಳಿದು, ರಸ್ತೆ ದಾಟಿ, ಚಾಮರಾಜನಗರಕ್ಕೆ ಹೋಗುವ ಬಸ್ಸು ಹತ್ತಿದೆ. ಅದೂ ಒಂದು ತೀರ್ಮಾನವೇ, ಅದಕ್ಕೆ ನನಗೆ ಒಂದು ಟೀ ಕುಡಿಯುವಷ್ಟು ಹೊತ್ತು ಹಿಡಿಯಿತು.

ಆಸ್ಪತ್ರೆಯಲ್ಲಿ ಅಣ್ಣ ಬೆಂಚಿನ ತುದಿಯಲ್ಲಿ ಹಣೆ ತುಂಬ ವಿಭೂತಿ ಇಟ್ಟುಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು, ಕಣ್ಣು ಮುಚ್ಚಿ ಕೂತಿದ್ದ. ಅವನ ಸರದಿ ಬಂತೆಂದು ಕೂಗಿದರು. ಪೂಜೆ ಮುಗಿಯುವವರೆಗೆ ಹಿಂದಿನವರನ್ನು ಒಳಗೆ ಕಳಿಸಿದೆ. ಅದೇ ಚಿಕ್ಕ ವಯಸ್ಸಿನ ಡಾಕ್ಟರು. ಮತ್ತೆ ಅರಿಶಿನವಾ ಎಂದು ನಕ್ಕು, ಆದರೆ ಹೋದ ಸಲದಷ್ಟೇ ನಿಧಾನವಾಗಿ ಬಲಗಾಲು ತಿರುಗಿಸಿ, ಹೆಬ್ಬೆರಳಿನ ಕೆಳಗಿನ ದಪ್ಪ ಚರ್ಮವನ್ನು ಒತ್ತಿದರು. ಹಳದಿ ಹೊರಗೆ ಬಂತು. ಅವರ ನಗು ನಿಂತಿತು.

ಜಾಲಿ ಮುಳ್ಳು. ಕಣದಲ್ಲಿ ಹೊಕ್ಕು ಒಳಗೇ ಮುರಿದು ಕೂತಿತ್ತು. ಮೇಲೆ ಚರ್ಮ ಮುಚ್ಚಿಕೊಂಡಿತ್ತು, ಒಳಗೆ ಕೀವು ಮೇಲಕ್ಕೆ ದಾರಿ ಮಾಡಿಕೊಳ್ಳುತ್ತಿತ್ತು. ಎಕ್ಸ್‌ರೇ ತೆಗೆಸಿದರು, ಮೂಳೆಗೆ ಇನ್ನೂ ಮುಟ್ಟಿಲ್ಲ ಎಂದರು. ಅವತ್ತೇ ಚರ್ಮ ಕೊಯ್ದು, ಮುಳ್ಳು ತೆಗೆದು, ಕೊಳೆತದ್ದನ್ನೆಲ್ಲ ಕೆರೆದು ತೆಗೆದು, ಅಲ್ಲೇ ಮಲಗಿಸಿಕೊಂಡರು. ಈ ಕಾಲಿನಲ್ಲಿ ಇಂಥದ್ದು ಎಷ್ಟು ಬೇಗ ಏರುತ್ತದೆ ಎಂದು ಹೇಳಲಾಗದು, ಪಾದ ಉಳಿಯಿತು, ಸರಿಯಾದ ಹೊತ್ತಿಗೆ ಬಂದಿರಿ ಎಂದು ನನಗೆ ಹೇಳಿದರು. ನಾನು ಬಂದದ್ದು ತಡವಾಗಿ, ಸರಿಯಾದ ಹೊತ್ತಿಗೆ ಬಂದವನು ಅವನು.

ಅರಿಶಿನ ಅವನಿಲ್ಲದೆಯೂ ಬೆಂದಿತು. ಜೊತೆಗಾರರು ಕಣದಲ್ಲಿ ನಿಂತು ಮುಗಿಸಿಕೊಟ್ಟು, ಎರಡನೇ ದಿನ ಆಸ್ಪತ್ರೆಗೆ ಬಂದು ಮಂಚದ ಪಕ್ಕ ನಿಂತು ಹೋದರು, ಅರಿಶಿನದ ರೇಟು ಯಾರೂ ಕೇಳಲಿಲ್ಲ. ಅವರು ಹೋದ ಮೇಲೆ ನಾನು ಅಣ್ಣನ ಹತ್ತಿರ ಕೂತೆ. ಯಂತ್ರ ಬಾಗಿಲಲ್ಲಿತ್ತು, ಆಳುಗಳಿದ್ದರು, ಅತ್ತಿಗೆ ಬೇಡ ಎಂದರು, ಊರೆಲ್ಲ ನಕ್ಕಿತ್ತು, ಅಷ್ಟೆಲ್ಲ ಇದ್ದೂ ಹೋಗಬೇಕೆಂದು ಹೇಗೆ ತೀರ್ಮಾನ ಮಾಡಿದೆ ಎಂದು ಕೇಳಿದೆ. ಕಸುಬಿನ ಕುತೂಹಲವೂ ಇತ್ತು.

‘ನಾನೆಲ್ಲಿ ತೀರ್ಮಾನ ಮಾಡ್ದೆ ಕಣಮ್ಮಿ’ ಎಂದ ಅಣ್ಣ. ‘ಬಟ್ಟೆ ಬೆಳಕ್ಗೆ ಇಡ್ದೆ. ಕಲೆ ಇತ್ತು. ಫೋನ್ ಕೈಲಿತ್ತು. ಮಷೀನ್ ಗ್ಯಾಪಕ ಬಂದದ್ದು ಊರ್ ದಾಟುದ್ ಮ್ಯಾಲೆ. ಆಗ ಎದೆ ಧಸಕ್ ಅಂತು. ಅಷ್ಟೊತ್ತಿಗೆ ಆಟೋ ಓಯ್ತಾ ಇತ್ತಲ್ಲ.’

ನಾನು ನಕ್ಕೆ. ಎರಡು ವರ್ಷದ ಹಿಂದೆಯೂ ಹೀಗೇ ಹೊರಟುಬಿಟ್ಟಿದ್ದರೆ ಎಂದೆ. ಬೆರಳು ಹೋದ ಮೇಲೆ ನಾನು ಅವನಿಗೆ ಇದನ್ನು ಅದೆಷ್ಟು ಸಲ ಅಂದಿದ್ದೆನೋ. ಕಾಲಿನ ಮೇಲೆ ಆಸೆಯೇ ಇಲ್ಲದವನು, ಅರಿಶಿನದ ಮೇಲಿರುವಷ್ಟು ಅಕ್ಕರೆ ಮೈಮೇಲಿಲ್ಲ ಎಂದು ಊಟಕ್ಕೆ ಕೂತಾಗಲೂ ಚುಚ್ಚಿದ್ದೆ. ಮನೆಯವರೆಲ್ಲ ಅದನ್ನೇ ನಂಬಿದ್ದೆವು. ಅವನು ಒಂದು ದಿನವೂ ಎದುರಾಡಿರಲಿಲ್ಲ.

ಅಣ್ಣ ಹೊದಿಕೆ ಸರಿಸಿ ಕಾಲಿನ ಪಟ್ಟಿ ನೋಡಿಕೊಂಡ. ‘ಆವತ್ತೂ ನಂಗೆ ಕಾಲು ಬೇಕಾಗಿತ್ತು ಕಣಮ್ಮಿ’ ಎಂದ. ‘ದಿನಾ ಓಗನ ಅಂತಿದ್ದೆ. ನಿಜವಾಗ್ಲೂ ಓಗನ ಅಂತಿದ್ದೆ.’

ನನಗೆ ಅಳು ಬಂತು. ಅವನ ಮುಂದೆ ಅತ್ತು ಅಭ್ಯಾಸವಿಲ್ಲದ್ದರಿಂದ ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಾ ಕೂತೆ. ನರ್ಸಮ್ಮ ಟ್ರೇ ಹಿಡಿದು ಬಂದು, ಸ್ವಲ್ಪ ಆ ಕಡೆ ಸರಿದುಕೊಳ್ಳಿ ಎಂದು ಕಾಲಿನ ಪಟ್ಟಿ ಬಿಚ್ಚಿದರು. ಉಳಿದಿದ್ದ ನಾಲ್ಕು ಬೆರಳೂ ಇದ್ದವು.